ಜಿಪಿಎ ರದ್ದು ಮಾಡುವುದು ಹೇಗೆ? ಕೊಟ್ಟವರು ತೀರಿಕೊಂಡರೆ ಅದು ತಾನಾಗಿ ನಿಲ್ಲುವುದು ಏಕೆ?

"ಅಪ್ಪ ಹೋದರು. ಜಿಪಿಎ ನನ್ನ ಹೆಸರಿನಲ್ಲೇ ಇದೆ. ಶಿವಮೊಗ್ಗದ ಸೈಟು ಮಾರಬಹುದಲ್ವಾ?"

ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಈ ಪ್ರಶ್ನೆ ಯಾವ ಮನೆಯಲ್ಲಾದರೂ ಏಳಬಹುದು. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುತ್ತಾರೆ. ತೋಟ ಮತ್ತು ಮನೆ ನೋಡಿಕೊಳ್ಳುವ ಹಿರಿಯರಿಗೆ ಕಚೇರಿಗಳಿಗೆ ಅಲೆಯುವ ಶಕ್ತಿ ಇರುವುದಿಲ್ಲ. ಹಾಗಾಗಿ ಅಣ್ಣನ ಮಗನಿಗೋ ಅಳಿಯನಿಗೋ ಜಿಪಿಎ, ಅಂದರೆ ಜನರಲ್ ಪವರ್ ಆಫ್ ಅಟಾರ್ನಿ, ಬರೆದುಕೊಡುತ್ತಾರೆ. ವರ್ಷಗಳು ಉರುಳುತ್ತವೆ, ಆ ಕಾಗದ ಬೀರುವಿನಲ್ಲೇ ಇರುತ್ತದೆ. ಕೊಟ್ಟವರು ತೀರಿಕೊಂಡ ಮೇಲೂ ಅದು ನಡೆಯುತ್ತದೆ ಎಂದು ಎಷ್ಟೋ ಜನ ನಂಬಿದ್ದಾರೆ.

ನಡೆಯುವುದಿಲ್ಲ. ಬೆಂಗಳೂರಿನ ಒಂದು ನಿವೇಶನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಫೆಬ್ರುವರಿ 27ರಂದು ಇದನ್ನೇ ಮತ್ತೊಮ್ಮೆ ಸ್ಪಷ್ಟವಾಗಿ ಹೇಳಿತು. ಆ ಪ್ರಕರಣಕ್ಕೆ ಮುಂದೆ ಬರೋಣ. ಮೊದಲು ಬುಡದಿಂದ ಶುರು ಮಾಡೋಣ.

## ಈ ಕಾಗದ ನಿಜವಾಗಿ ಏನು ಕೊಡುತ್ತದೆ

ಪವರ್ ಆಫ್ ಅಟಾರ್ನಿಗೆ ಕಚೇರಿಯ ಕನ್ನಡದಲ್ಲಿ ಅಧಿಕಾರ ಪತ್ರ ಅಥವಾ ಮುಖ್ತ್ಯಾರನಾಮೆ ಎನ್ನುತ್ತಾರೆ. ಒಬ್ಬರು ಇನ್ನೊಬ್ಬರಿಗೆ, "ನನ್ನ ಪರವಾಗಿ, ನನ್ನ ಹೆಸರಿನಲ್ಲಿ ಈ ಕೆಲಸಗಳನ್ನು ಮಾಡು" ಎಂದು ಬರೆದುಕೊಡುವ ಪತ್ರ ಅದು. ಬರೆದುಕೊಟ್ಟವರು ಯಜಮಾನ, ಪಡೆದವರು ಏಜೆಂಟ್. ಒಂದೇ ಕೆಲಸಕ್ಕೆ ಕೊಟ್ಟರೆ ಎಸ್‌ಪಿಎ, ಹಲವು ಕೆಲಸಗಳಿಗೆ ಒಟ್ಟಾಗಿ ಕೊಟ್ಟರೆ ಜಿಪಿಎ. 1882ರ ಪವರ್ಸ್ ಆಫ್ ಅಟಾರ್ನಿ ಕಾಯ್ದೆ ಇದಕ್ಕೆಂದೇ ಇದೆ. ಆದರೆ ಅಧಿಕಾರ ಹೇಗೆ ಹುಟ್ಟುತ್ತದೆ, ಹೇಗೆ ಮುಗಿಯುತ್ತದೆ ಎಂಬುದಕ್ಕೆ ಮುಖ್ಯವಾಗಿ ನೋಡಬೇಕಾದದ್ದು 1872ರ ಕರಾರು ಕಾಯ್ದೆ. ಅದರ 201ರಿಂದ 210ರವರೆಗಿನ ಕಲಮುಗಳಲ್ಲಿ ಈ ಲೇಖನದ ಬಹುಪಾಲು ಅಡಗಿದೆ.

ಜಿಪಿಎ ಕೈಯಲ್ಲಿದ್ದ ಮಾತ್ರಕ್ಕೆ ಏಜೆಂಟ್ ಆಸ್ತಿಯ ಮಾಲೀಕನಾಗುವುದಿಲ್ಲ. ಅವನು ಹಾಕುವ ಸಹಿ ಕಾನೂನಿನ ಲೆಕ್ಕದಲ್ಲಿ ಯಜಮಾನನ ಸಹಿ. ಅವನು ಪಡೆಯುವ ಹಣ ಯಜಮಾನನ ಹಣ, ಅದಕ್ಕೆ ಲೆಕ್ಕ ಒಪ್ಪಿಸಬೇಕು. ಇಷ್ಟನ್ನು ನೆನಪಿನಲ್ಲಿಟ್ಟರೆ ಮುಂದಿನದು ಸುಲಭ.

## ಒಂದು ಮನೆಯ ಉದಾಹರಣೆ

ಹೊಸನಗರ ತಾಲ್ಲೂಕಿನಲ್ಲಿ ಗೋಪಾಲಯ್ಯ ಎಂಬುವರು ಇದ್ದಾರೆ ಎಂದುಕೊಳ್ಳಿ. ವಯಸ್ಸು ಎಪ್ಪತ್ತೆಂಟು. ಹೆಂಡತಿ ಇಲ್ಲ, ತಾಯಿಯೂ ಇಲ್ಲ. ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮಗ, ಮೂವರೂ ದೂರದ ಊರುಗಳಲ್ಲಿ. ಊರಿನಲ್ಲಿ ಅಡಿಕೆ ತೋಟ, ಶಿವಮೊಗ್ಗ ಪೇಟೆಯಲ್ಲಿ ಒಂದು ಹಳೆಯ ಮನೆ ಮತ್ತು ಒಂದು ಖಾಲಿ ಸೈಟು. ಎಲ್ಲವೂ ಅವರೇ ದುಡಿದು ಮಾಡಿದ್ದು. 2019ರಲ್ಲಿ ಅವರು ಅಣ್ಣನ ಮಗ ರಾಘುವಿಗೆ ಹೊಸನಗರದ ಉಪನೋಂದಣಿ ಕಚೇರಿಯಲ್ಲಿ ಜಿಪಿಎ ನೋಂದಣಿ ಮಾಡಿಸಿ ಕೊಟ್ಟರು. ಅಡಿಕೆ ಮಾರುವುದು, ಮನೆ ಬಾಡಿಗೆಗೆ ಕೊಡುವುದು, ಒಳ್ಳೆಯ ಬೆಲೆ ಬಂದರೆ ಸೈಟು ಮಾರುವುದು, ಎಲ್ಲವೂ ಅದರಲ್ಲಿ ಇತ್ತು.

2024ರ ಹೊತ್ತಿಗೆ ಅವರಿಗೆ ಅನುಮಾನ ಶುರುವಾಯಿತು. ತಮ್ಮನ್ನು ಕೇಳದೆ ರಾಘು ಸೈಟನ್ನು ಕಡಿಮೆ ಬೆಲೆಗೆ ಮಾತಾಡುತ್ತಿದ್ದಾನೆ ಎಂದು ಕಿವಿಗೆ ಬಿತ್ತು. ಈಗ ಅವರೇನು ಮಾಡಬೇಕು?

## ರದ್ದು ಮಾಡಲು ಯಾರ ಒಪ್ಪಿಗೆಯೂ ಬೇಡ

ಮುಂದೆ ಹೇಳುವ ಒಂದು ಅಪವಾದ ಬಿಟ್ಟರೆ, ಕೊಟ್ಟವರು ಯಾವಾಗ ಬೇಕಾದರೂ ಅಧಿಕಾರವನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು. ರಾಘು ಒಪ್ಪಬೇಕಿಲ್ಲ, ಸಹಿ ಹಾಕಬೇಕಿಲ್ಲ, ಕಚೇರಿಗೆ ಬರಬೇಕಾಗಿಯೂ ಇಲ್ಲ. ಗೋಪಾಲಯ್ಯನವರು ಕಾರಣ ಹೇಳಬೇಕೆಂಬ ನಿಯಮವೂ ಇಲ್ಲ. ನಿಗದಿತ ಅವಧಿಗೆಂದು ಒಪ್ಪಂದ ಮಾಡಿಕೊಂಡು, ಸರಿಯಾದ ಕಾರಣವಿಲ್ಲದೆ ನಡುವೆ ಕಿತ್ತುಕೊಂಡರೆ ಮಾತ್ರ ಏಜೆಂಟನಿಗೆ ನಷ್ಟ ತುಂಬಿಕೊಡಬೇಕಾಗಬಹುದು. ಮನೆಯೊಳಗಿನ ಜಿಪಿಎಗಳಲ್ಲಿ ಅಂಥ ಅವಧಿ ಇರುವುದು ಕಡಿಮೆ.

ಮೊದಲ ಕೆಲಸ, ಹಳೆಯ ಪತ್ರವನ್ನು ತೆಗೆದು ನೋಡುವುದು. ಅದು ನೋಂದಣಿ ಆಗಿದೆಯೇ, ಬರೀ ನೋಟರಿ ಮುಂದೆ ಆಗಿದೆಯೇ? ನೋಂದಣಿಯಾಗಿದ್ದರೆ ಯಾವ ಕಚೇರಿ, ದಸ್ತಾವೇಜಿನ ನಂಬರು ಏನು, ದಿನಾಂಕ ಯಾವುದು? ಮೂಲ ಪ್ರತಿ ರಾಘುವಿನ ಹತ್ತಿರವೇ ಇದ್ದರೂ ಚಿಂತೆಯಿಲ್ಲ. ಬರೆದುಕೊಟ್ಟವರೇ ಅರ್ಜಿ ಹಾಕಿದರೆ ನೋಂದಣಿ ಕಚೇರಿಯಲ್ಲಿ ದೃಢೀಕೃತ ನಕಲು ಸಿಗುತ್ತದೆ.

ನಂತರ ರದ್ದತಿ ಪತ್ರ ಬರೆಸಬೇಕು. ಅದರಲ್ಲಿ ಹಳೆಯ ಜಿಪಿಎಯ ನಂಬರು, ದಿನಾಂಕ, ಕಚೇರಿ, ಯಾವ ಯಾವ ಆಸ್ತಿಗೆ ಕೊಟ್ಟಿದ್ದು ಎಂಬ ವಿವರ ತಪ್ಪಿಲ್ಲದೆ ಇರಬೇಕು. "ಇಂದಿನಿಂದ ಆ ಅಧಿಕಾರವನ್ನೆಲ್ಲ ಹಿಂಪಡೆದಿದ್ದೇನೆ, ಇನ್ನು ಮುಂದೆ ಅವರು ಮಾಡುವ ಯಾವ ಕೆಲಸಕ್ಕೂ ನಾನು ಬದ್ಧನಲ್ಲ, ಮೂಲ ಪತ್ರವನ್ನು ಹಿಂದಿರುಗಿಸಬೇಕು" ಎಂಬ ಮಾತು ಸಾಕು. ಆರೋಪಗಳನ್ನು ತುಂಬಿಸುವ ಅಗತ್ಯವಿಲ್ಲ. ಎಷ್ಟೋ ಸಲ ಸಿಟ್ಟಿನಲ್ಲಿ ಬರೆಸಿದ ಸಾಲುಗಳೇ ಮುಂದೆ ಇನ್ನೊಂದು ಜಗಳಕ್ಕೆ ದಾರಿಯಾಗುತ್ತವೆ. ಜಿಪಿಎ ನೋಂದಣಿಯಾಗಿದ್ದರೆ ರದ್ದತಿಯನ್ನೂ ನೋಂದಣಿ ಮಾಡಿಸುವುದೇ ಸರಿಯಾದ ದಾರಿ, ಆದಷ್ಟು ಅದೇ ಕಚೇರಿಯಲ್ಲಿ. ಒಂದು ದಾಖಲೆಯ ಪಕ್ಕದಲ್ಲಿ ಇನ್ನೊಂದು ದಾಖಲೆ ಕೂತಿರುತ್ತದೆ.

ಮಾತಿನಲ್ಲಿ ಹೇಳಿದರೂ ರದ್ದಾಗುತ್ತದೆಯೇ? ಕಾನೂನಿನ ಪ್ರಕಾರ ನಡವಳಿಕೆಯಿಂದಲೂ ರದ್ದಾಗಬಹುದು. ಮನೆಯನ್ನು ಬಾಡಿಗೆಗೆ ಕೊಡು ಎಂದು ರಾಘುವಿಗೆ ಹೇಳಿದ್ದ ಗೋಪಾಲಯ್ಯ, ಆಮೇಲೆ ತಾವೇ ಬಾಡಿಗೆಗೆ ಕೊಟ್ಟುಬಿಟ್ಟರೆ ಆ ಕೆಲಸದ ಮಟ್ಟಿಗೆ ಅಧಿಕಾರ ಮುಗಿದಂತೆ. ಆದರೆ ಜಮೀನಿನ ವಿಷಯದಲ್ಲಿ ಬರೀ ಮಾತನ್ನು ನಂಬಿ ಕೂರಬೇಡಿ. ನಾಳೆ ಅದನ್ನು ಸಾಬೀತು ಮಾಡುವುದು ಯಾರು?

## ಪತ್ರ ಬರೆಸಿದರೆ ಮುಗಿಯಲಿಲ್ಲ, ತಿಳಿಸಬೇಕು

ಜನ ಎಡವುವುದು ಇಲ್ಲೇ. ರದ್ದತಿ ಪತ್ರ ನೋಂದಣಿ ಮಾಡಿಸಿ, ರಸೀದಿ ಜೇಬಿಗೆ ಹಾಕಿಕೊಂಡು ಮನೆಗೆ ಬರುತ್ತಾರೆ. ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ. ಆದರೆ ಕರಾರು ಕಾಯ್ದೆಯ 208ನೇ ಕಲಮು ಬೇರೆ ಮಾತು ಹೇಳುತ್ತದೆ. ಅಧಿಕಾರ ಮುಗಿದದ್ದು ಏಜೆಂಟನಿಗೆ ಅನ್ವಯಿಸುವುದು ಅವನಿಗೆ ಗೊತ್ತಾದಾಗ. ಅವನೊಡನೆ ವ್ಯವಹಾರ ಮಾಡುವ ಹೊರಗಿನವರಿಗೆ ಅನ್ವಯಿಸುವುದು ಅವರಿಗೆ ಗೊತ್ತಾದಾಗ. ಈ ಎರಡೂ ಬೇರೆ ಬೇರೆ.

ಉದಾಹರಣೆಯಲ್ಲೇ ನೋಡೋಣ. 2024ರ ಮಾರ್ಚ್ 4ರಂದು ರಾಘು ಪೇಟೆಯ ಮನೆಯನ್ನು ಹನ್ನೊಂದು ತಿಂಗಳಿಗೆ ಬಾಡಿಗೆಗೆ ಕೊಟ್ಟು ಮುಂಗಡ ತೆಗೆದುಕೊಂಡ. ಮಾರ್ಚ್ 11ರಂದು ಗೋಪಾಲಯ್ಯ ರದ್ದತಿ ಪತ್ರ ನೋಂದಣಿ ಮಾಡಿಸಿದರು. ಮಾರ್ಚ್ 12ರಂದು, ಇದೇನೂ ಗೊತ್ತಿಲ್ಲದ ರಾಘು ಎರಡು ಕ್ವಿಂಟಾಲ್ ಅಡಿಕೆಯನ್ನು ಮಂಡಿಗೆ ಹಾಕಿ ದುಡ್ಡು ಪಡೆದ. ಮಾರ್ಚ್ 14ರಂದು ಅವನಿಗೆ ನೋಟಿಸ್ ತಲುಪಿತು. ಮಾರ್ಚ್ 20ರಂದು, ಎಲ್ಲ ಗೊತ್ತಿದ್ದೂ, ಸೈಟು ಮಾರುವುದಾಗಿ ಒಬ್ಬರಿಗೆ ಕ್ರಯದ ಕರಾರು ಬರೆದುಕೊಟ್ಟು ಮೂರು ಲಕ್ಷ ಮುಂಗಡ ಪಡೆದ.

ಮಾರ್ಚ್ 4ರ ಬಾಡಿಗೆ ಕರಾರು ನಿಲ್ಲುತ್ತದೆ. ಅದು ಅಧಿಕಾರ ಇದ್ದಾಗ ಮಾಡಿದ ಕೆಲಸ. ಮುಗಿದ ಕೆಲಸವನ್ನು ರದ್ದತಿ ಹಿಂದಕ್ಕೆ ಎಳೆಯುವುದಿಲ್ಲ. ಬಾಡಿಗೆದಾರರನ್ನು ಗೋಪಾಲಯ್ಯ ಆ ಕಾರಣಕ್ಕೆ ಹೊರಗೆ ಹಾಕುವಂತಿಲ್ಲ.

ಮಾರ್ಚ್ 12ರ ಅಡಿಕೆ ವ್ಯಾಪಾರವೂ ನಿಲ್ಲುತ್ತದೆ. ರದ್ದತಿ ಆಗಿತ್ತು ನಿಜ, ಆದರೆ ರಾಘುವಿಗೂ ಗೊತ್ತಿರಲಿಲ್ಲ, ಮಂಡಿಯವರಿಗೂ ಗೊತ್ತಿರಲಿಲ್ಲ. ಮಂಡಿಯವರು ಮತ್ತೊಮ್ಮೆ ದುಡ್ಡು ಕೊಡಬೇಕಿಲ್ಲ. ರಾಘು ಆ ಹಣವನ್ನು ಚಿಕ್ಕಪ್ಪನ ಕೈಗೆ ಒಪ್ಪಿಸಬೇಕು, ಅಷ್ಟೆ.

ಮಾರ್ಚ್ 20ರ ಸೈಟಿನ ಕರಾರು ಕಷ್ಟದ್ದು. ರಾಘುವಿನ ಮಟ್ಟಿಗೆ ಅಧಿಕಾರ 14ಕ್ಕೇ ಸತ್ತಿತ್ತು. ಅವನು ಮಾಡಿದ್ದು ತಪ್ಪು, ಅದಕ್ಕೆ ಅವನೇ ಹೊಣೆ. ಆದರೆ ಕೊಳ್ಳುವವರಿಗೆ ರದ್ದತಿಯ ವಿಷಯ ನಿಜಕ್ಕೂ ಗೊತ್ತಿಲ್ಲದಿದ್ದರೆ, "ನನ್ನ ಮಟ್ಟಿಗೆ ಜಿಪಿಎ ಜೀವಂತವಾಗಿತ್ತು" ಎಂದು ಅವರು ಗೋಪಾಲಯ್ಯನವರ ಮೇಲೆಯೇ ಕೋರ್ಟಿಗೆ ಹೋಗಬಹುದು. ಆ ವಾದಕ್ಕೆ 208ನೇ ಕಲಮಿನ ಬೆಂಬಲವಿದೆ.

ಹಾಗಾಗಿ ತಿಳಿಸುವ ಕೆಲಸಕ್ಕೆ ರದ್ದತಿ ಪತ್ರದಷ್ಟೇ ತೂಕ. ಏಜೆಂಟನಿಗೆ ನೋಟಿಸನ್ನು ಅಂಚೆಯಲ್ಲಿ ಕಳಿಸಬೇಕು, ತಲುಪಿದ್ದಕ್ಕೆ ಪುರಾವೆ ಕೈಗೆ ಬರುವ ಹಾಗೆ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಅನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದ್ದಾರೆ, ಹಾಗಾಗಿ ಈಗ ಸ್ಪೀಡ್ ಪೋಸ್ಟ್‌ನಲ್ಲೇ ಆ ಸೌಲಭ್ಯ ಕೇಳಿ ಪಡೆಯಬೇಕು. ವಾಟ್ಸ್ಆ್ಯಪ್‌ನಲ್ಲೂ ಒಂದು ಪ್ರತಿ ಕಳಿಸಿದರೆ ಒಳ್ಳೆಯದು, ಆದರೆ ಅದೊಂದನ್ನೇ ನೆಚ್ಚಬೇಡಿ. ಜಿಪಿಎ ಎಲ್ಲೆಲ್ಲಿ ಬಳಕೆಯಾಗಿದೆಯೋ ಅಲ್ಲೆಲ್ಲ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಬೇಕು: ಬ್ಯಾಂಕು, ಅಡಿಕೆ ಹಾಕುವ ಮಂಡಿ ಅಥವಾ ಸಹಕಾರ ಸಂಘ, ಖಾತೆ ಇರುವ ಮಹಾನಗರ ಪಾಲಿಕೆ, ಬಾಡಿಗೆದಾರರು. ಸೈಟಿನ ಮಾತುಕತೆ ಯಾರ ಜೊತೆ ನಡೆಯುತ್ತಿದೆ ಎಂದು ಗೊತ್ತಿದ್ದರೆ ಅವರಿಗೂ ನೇರವಾಗಿ ನೋಟಿಸ್ ಹೋಗಲಿ. ಗೊತ್ತಿಲ್ಲದವರಿಗಾಗಿ ಊರಿನಲ್ಲಿ ಜನ ಓದುವ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡಿಸುತ್ತಾರೆ. ಪ್ರಕಟಣೆ ಬಂದ ಮಾತ್ರಕ್ಕೆ ಎಲ್ಲರಿಗೂ ಗೊತ್ತಾಯಿತು ಎಂದು ಕೋರ್ಟು ಕಣ್ಣುಮುಚ್ಚಿ ಒಪ್ಪುವುದಿಲ್ಲ. ಆದರೂ "ನನಗೆ ತಿಳಿಯುವ ದಾರಿಯೇ ಇರಲಿಲ್ಲ" ಎಂಬ ವಾದ ಅದರಿಂದ ದುರ್ಬಲವಾಗುತ್ತದೆ.

ಇಷ್ಟೆಲ್ಲ ಏಕೆ ಬೇಕು, ಕೊಳ್ಳುವವರು ಇಸಿ, ಅಂದರೆ ಆಸ್ತಿಯ ಋಣಭಾರ ಪ್ರಮಾಣಪತ್ರ, ತೆಗೆಸಿದರೆ ರದ್ದತಿ ಕಾಣುವುದಿಲ್ಲವೇ ಎಂದು ಕೇಳಬಹುದು. ಕಾಣುತ್ತದೆ ಎಂಬ ಭರವಸೆ ಇಲ್ಲ. ಕ್ರಯ, ಅಡಮಾನ, ದಾನದಂಥ ಆಸ್ತಿ ವ್ಯವಹಾರಗಳು ನೋಂದಣಿ ಕಚೇರಿಯ 1ನೇ ಪುಸ್ತಕಕ್ಕೆ ಹೋಗುತ್ತವೆ. ಇಸಿಯಲ್ಲಿ ಬರುವುದು ಅವು. ಜಿಪಿಎ ಮತ್ತು ಅದರ ರದ್ದತಿ ಸಾಮಾನ್ಯವಾಗಿ ಸೇರುವುದು 4ನೇ ಪುಸ್ತಕಕ್ಕೆ. ಅದರ ನಕಲು ಸಿಗುವುದು ಪತ್ರ ಬರೆದವರಿಗೆ, ಅದರಡಿ ಹಕ್ಕು ಹೇಳುವವರಿಗೆ ಮಾತ್ರ. ದಾರಿಹೋಕರು ಕೇಳಿದರೆ ಕೊಡುವುದಿಲ್ಲ. ಜೊತೆಗೆ ಈಗ ಜಿಲ್ಲೆಯೊಳಗಿನ ಯಾವ ಉಪನೋಂದಣಿ ಕಚೇರಿಯಲ್ಲಿ ಬೇಕಾದರೂ ಕ್ರಯಪತ್ರ ನೋಂದಣಿ ಮಾಡಿಸುವ ವ್ಯವಸ್ಥೆ ಇದೆ. ಒಂದು ಕಚೇರಿಗೆ ಹೇಳಿ ಸುಮ್ಮನೆ ಕೂತರೆ ಸಾಲದು.

ಮೂಲ ಜಿಪಿಎ ವಾಪಸ್ ಕೇಳುವುದನ್ನು ಮರೆಯಬೇಡಿ. ಕೊಡಲು ಒಪ್ಪದೆ, ಅದನ್ನು ಹಿಡಿದುಕೊಂಡೇ ವ್ಯವಹಾರ ಮುಂದುವರಿಸುವ ಲಕ್ಷಣ ಕಂಡರೆ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ಕೇಳಬೇಕಾಗುತ್ತದೆ.

## ಸಾವಿನೊಂದಿಗೆ ಏಕೆ ಮುಗಿಯುತ್ತದೆ

ಈಗ ಕಥೆಯನ್ನು ಸ್ವಲ್ಪ ಬದಲಿಸೋಣ. ಗೋಪಾಲಯ್ಯ ಜಿಪಿಎ ರದ್ದು ಮಾಡಲೇ ಇಲ್ಲ. 2024ರ ಸೆಪ್ಟೆಂಬರ್ 2ರಂದು ತೀರಿಕೊಂಡರು. ವೈಕುಂಠ ಸಮಾರಾಧನೆ ಮುಗಿದ ಎರಡೇ ದಿನಕ್ಕೆ, ಸೆಪ್ಟೆಂಬರ್ 16ರಂದು, ರಾಘು ಅದೇ ಹಳೆಯ ಜಿಪಿಎ ಹಿಡಿದು ಸೈಟಿನ ಕ್ರಯಪತ್ರ ಮಾಡಿಸಿಕೊಟ್ಟ.

ಕರಾರು ಕಾಯ್ದೆಯ 201ನೇ ಕಲಮಿನಲ್ಲಿ ಅಧಿಕಾರ ಮುಗಿಯುವ ಸಂದರ್ಭಗಳನ್ನು ಹೇಳಿದೆ. ಯಜಮಾನನ ಅಥವಾ ಏಜೆಂಟನ ಸಾವು ಅದರಲ್ಲಿ ಒಂದು. ಯಾರೂ ಅರ್ಜಿ ಹಾಕಬೇಕಿಲ್ಲ, ರದ್ದತಿ ಪತ್ರ ಬೇಕಿಲ್ಲ. ಇದು ಏಕೆ ಹೀಗೆ?

ಕೆರೆಯಿಂದ ತೋಟಕ್ಕೆ ಎಳೆದ ಪೈಪನ್ನು ನೆನೆಯಿರಿ. ಪೈಪಿನಲ್ಲಿ ಬರುವ ನೀರು ಪೈಪಿನದಲ್ಲ, ಕೆರೆಯದು. ಕೆರೆ ಬತ್ತಿದ ದಿನ ಪೈಪು ಹೊಸದಾಗಿಯೇ ಇರಬಹುದು, ಆದರೆ ಕೊಡಲು ಅದರಲ್ಲಿ ಏನೂ ಇಲ್ಲ. ಜಿಪಿಎ ಕಾಗದವೂ ಹಾಗೆಯೇ. ಸೀಲು, ಸಹಿ, ನೋಂದಣಿ ನಂಬರು ಎಲ್ಲ ಸರಿಯಾಗಿರುತ್ತದೆ. ಅದರ ಹಿಂದೆ ಇದ್ದ ಮನುಷ್ಯನ ಇಚ್ಛೆ ಮಾತ್ರ ಇರುವುದಿಲ್ಲ. ರಾಘುವಿನ ಸಹಿ ಎಂದರೆ ಗೋಪಾಲಯ್ಯನವರ ಸಹಿ ಎಂದು ಮೊದಲೇ ಹೇಳಿದೆವು. ತೀರಿಕೊಂಡವರು ತಾವೇ ಬಂದು ಸಹಿ ಹಾಕಲಾರರು. ಅವರೇ ಮಾಡಲಾಗದ್ದನ್ನು ಅವರ ಪರವಾಗಿ ಇನ್ನೊಬ್ಬರು ಮಾಡುವುದು ಹೇಗೆ?

ಇದಕ್ಕಿಂತ ಗಟ್ಟಿಯಾದ ಇನ್ನೊಂದು ಕಾರಣವಿದೆ. ಒಬ್ಬರು ತೀರಿಕೊಂಡ ಗಳಿಗೆಯಲ್ಲಿ ಆಸ್ತಿ ಯಜಮಾನನಿಲ್ಲದೆ ನಿಲ್ಲುವುದಿಲ್ಲ. ಉಯಿಲು ಇದ್ದರೆ ಅದರಂತೆ, ಇಲ್ಲದಿದ್ದರೆ ವಾರಸಾ ಕಾನೂನಿನಂತೆ ಬೇರೆಯವರಿಗೆ ಸೇರುತ್ತದೆ. ಗೋಪಾಲಯ್ಯನವರು ಉಯಿಲು ಬರೆದಿಲ್ಲ ಎಂದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಸೆಪ್ಟೆಂಬರ್ 2ರಂದೇ ಸೈಟು ಇಬ್ಬರು ಹೆಣ್ಣುಮಕ್ಕಳಿಗೂ ಮಗನಿಗೂ ಸಮಪಾಲಿನಲ್ಲಿ ಸೇರಿತು. ಖಾತೆ ಅವರ ಹೆಸರಿಗೆ ಆಗುವುದು ತಡವಾಗಬಹುದು, ಹಕ್ಕು ತಡವಾಗುವುದಿಲ್ಲ. ಈಗ ಮಾಲೀಕರು ಆ ಮೂವರು. ಅವರಲ್ಲಿ ಯಾರೂ ರಾಘುವಿಗೆ ಪವರ್ ಕೊಟ್ಟಿಲ್ಲ. ಸೆಪ್ಟೆಂಬರ್ 16ರಂದು ರಾಘು ಮಾರಿದ್ದು ಅವನನ್ನು ನಂಬಿದ್ದ ಹಿರಿಯರ ಸೈಟನ್ನಲ್ಲ, ಅವನಿಗೆ ಏನನ್ನೂ ಒಪ್ಪಿಸದ ಮೂವರ ಸೈಟನ್ನು. ಮಗನ ಹೆಸರಿನಲ್ಲೇ ಜಿಪಿಎ ಇದ್ದರೂ ಇದೇ ಮಾತು. ಅವನು ತನ್ನ ಪಾಲಿಗೆ ಮಾಲೀಕ, ಅಕ್ಕತಂಗಿಯರ ಪಾಲಿಗೆ ಅಲ್ಲ.

"ನನ್ನ ಮರಣಾನಂತರವೂ ಈ ಜಿಪಿಎ ಜಾರಿಯಲ್ಲಿರತಕ್ಕದ್ದು" ಎಂದು ಬರೆಸಿದ್ದರೆ? ಆ ಸಾಲಿನಿಂದ ಸಾಮಾನ್ಯ ಜಿಪಿಎಗೆ ಜೀವ ಬರುವುದಿಲ್ಲ. ಸತ್ತ ಮೇಲೆ ಆಸ್ತಿ ಯಾರಿಗೆ ಹೋಗಬೇಕು ಎಂದು ಹೇಳಲು ಇರುವ ಪತ್ರ ಉಯಿಲು. ಜಿಪಿಎ ಮುಗಿಯುವ ಕ್ಷಣದಲ್ಲೇ ಉಯಿಲಿನ ಕೆಲಸ ಶುರು. ಒಂದನ್ನು ಇನ್ನೊಂದರ ಬದಲಿಗೆ ಇಟ್ಟುಕೊಳ್ಳಲು ಬರುವುದಿಲ್ಲ.

ರಾಘುವೇ ಮೊದಲು ತೀರಿಕೊಂಡರೂ ಜಿಪಿಎ ಮುಗಿಯುತ್ತದೆ. ಅವನ ಮಗ ಆ ಜಾಗಕ್ಕೆ ಬರುವುದಿಲ್ಲ.

## ಗೊತ್ತಿಲ್ಲದೆ ನಡೆದ ವ್ಯವಹಾರ

ಸಾವಿಗೂ 208ನೇ ಕಲಮು ಅನ್ವಯಿಸುತ್ತದೆ. ಗೋಪಾಲಯ್ಯ ಮಗಳ ಊರಿನಲ್ಲಿ ಬೆಳಗ್ಗೆ ತೀರಿಕೊಂಡರು, ಸುದ್ದಿ ಇನ್ನೂ ತಲುಪದ ರಾಘು ಅದೇ ಬೆಳಗ್ಗೆ ಅವರ ಹೇಳಿಕೆಯಂತೆ ಕೊಯ್ಲಿನವರಿಗೆ ಕೂಲಿ ಕೊಟ್ಟ ಎಂದುಕೊಳ್ಳಿ. ಅದು ಸರಿಯಾದ ಪಾವತಿಯೇ. ವಾರಸುದಾರರು ಅದನ್ನು ಪ್ರಶ್ನಿಸಲಾಗದು. 1882ರ ಕಾಯ್ದೆಯ 3ನೇ ಕಲಮು ಕೂಡ, ಸಾವು ಗೊತ್ತಿಲ್ಲದೆ ಒಳ್ಳೆಯ ಮನಸ್ಸಿನಿಂದ ಹಣ ಕೊಟ್ಟವರನ್ನು ಹೊಣೆಗಾರರನ್ನಾಗಿ ಮಾಡುವುದಿಲ್ಲ.

ಆದರೆ ಸೆಪ್ಟೆಂಬರ್ 16ರ ಕ್ರಯ ಹಾಗಲ್ಲ. ರಾಘು ಚಿಕ್ಕಪ್ಪನ ಚಟ್ಟಕ್ಕೆ ಹೆಗಲು ಕೊಟ್ಟವನು, ಗೊತ್ತಿರಲಿಲ್ಲ ಎನ್ನುವಂತಿಲ್ಲ. ಕೊಂಡವರು ತಮಗೆ ಗೊತ್ತಿರಲಿಲ್ಲ ಎಂದು ವಾದಿಸಬಹುದು. ಆಗ ಅವರು ಏನು ವಿಚಾರಿಸಿದರು, ಮಾಲೀಕರೊಡನೆ ಒಮ್ಮೆಯಾದರೂ ಮಾತಾಡಿದರೇ, ಬೆಲೆ ನ್ಯಾಯವಾಗಿತ್ತೇ ಎಂದು ಕೋರ್ಟು ನೋಡುತ್ತದೆ. ಹೊಸನಗರದ ಕಡೆ ಒಬ್ಬರು ಹೋದರೆ ಸುತ್ತಲಿನ ನಾಲ್ಕು ಊರಿಗೆ ಮಧ್ಯಾಹ್ನದೊಳಗೆ ತಿಳಿಯುತ್ತದೆ. ಕೇಳಿದ್ದರೆ ತಿಳಿಯುತ್ತಿತ್ತು ಎಂಬುದು ಕೊಂಡವರ ವಿರುದ್ಧವೇ ನಿಲ್ಲುವ ಮಾತು.

ಜಿಪಿಎ ಮೂಲಕ ಆಸ್ತಿ ಕೊಳ್ಳುವವರಿಗೆ ಇದರಿಂದ ಒಂದು ಕೆಲಸ ಸಿಗುತ್ತದೆ. ನೋಂದಣಿಯ ದಿನ ಬರೆದುಕೊಟ್ಟವರು ಬದುಕಿದ್ದಾರೆಯೇ, ಜಿಪಿಎ ಇನ್ನೂ ಜಾರಿಯಲ್ಲಿದೆಯೇ ಎಂದು ಏಜೆಂಟನ ಬಾಯಿಂದಲ್ಲ, ಅವರಿಂದಲೇ ಕೇಳಬೇಕು. ಮನೆಗೆ ಹೋಗಿ ನೋಡಬಹುದು, ಆಗದಿದ್ದರೆ ವಿಡಿಯೊ ಕಾಲ್ ಮಾಡಬಹುದು. "ಅವರಿಗೆ ಹುಷಾರಿಲ್ಲ, ಮಾತಾಡೋ ಸ್ಥಿತಿಯಲ್ಲಿಲ್ಲ" ಎಂಬ ಉತ್ತರ ಬಂದರೆ ಅಲ್ಲಿಗೇ ನಿಲ್ಲಿಸಿ.

ವಾರಸುದಾರರ ಕಡೆಯಿಂದ ಪತ್ತೆ ಹಚ್ಚುವುದು ಕಷ್ಟವಲ್ಲ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸೈಟಿನ ಇಸಿ ತೆಗೆಸಿ, ಕ್ರಯಪತ್ರದ ದಿನಾಂಕವನ್ನು ಮರಣ ಪ್ರಮಾಣಪತ್ರದ ದಿನಾಂಕದ ಪಕ್ಕ ಇಟ್ಟು ನೋಡಿ. ಕ್ರಯ ಆಮೇಲಿನದಾದರೆ, ಖಾತೆ ಬದಲಾಗುವ ಮುಂಚೆಯೇ ಪಾಲಿಕೆಗೆ ಲಿಖಿತ ತಕರಾರು ಕೊಡಬೇಕು. ತೋಟದ ಜಮೀನಾದರೆ ಮ್ಯುಟೇಷನ್ ನೋಟಿಸಿನ ಅವಧಿಯೊಳಗೆ ಕಂದಾಯ ಕಚೇರಿಗೆ. ಕ್ರಯಪತ್ರವನ್ನೇ ಅಸಿಂಧು ಎಂದು ಘೋಷಿಸುವುದು ಸಿವಿಲ್ ಕೋರ್ಟಿನ ಕೆಲಸ. ಅಂಥ ದಾವೆಗೆ ಸಾಮಾನ್ಯವಾಗಿ ವಿಷಯ ಗೊತ್ತಾದಲ್ಲಿಂದ 3 ವರ್ಷದ ಗಡುವು ಇರುತ್ತದೆ. ಮನೆಯೊಳಗೇ ಮಾತಾಡಿ ಮುಗಿಸೋಣ ಎಂದು ಕಾಯುತ್ತ ಕೂತವರ ಕೈಯಿಂದ ಈ ಗಡುವು ಜಾರುತ್ತದೆ.

## ಸಾವಿನ ನಂತರ ಏಜೆಂಟ್ ಏನು ಮಾಡಬಹುದು

ಎಲ್ಲವನ್ನೂ ಬಿಟ್ಟು ಎದ್ದು ಹೋಗಬೇಕು ಎಂದೇನಲ್ಲ. 209ನೇ ಕಲಮು ಏಜೆಂಟನ ಮೇಲೆ ಒಂದು ಹೊಣೆ ಹೊರಿಸುತ್ತದೆ. ತನಗೆ ಒಪ್ಪಿಸಿದ್ದನ್ನು ವಾರಸುದಾರರು ಬಂದು ಕೈಗೆತ್ತಿಕೊಳ್ಳುವವರೆಗೆ ಕಾಪಾಡಬೇಕು. ಅಂಗಳದಲ್ಲಿ ಹರವಿದ ಅಡಿಕೆ ಮಳೆಗೆ ಸಿಕ್ಕದಂತೆ ಒಳಗಿಡುವುದು, ತೋಟಕ್ಕೆ ದನ ನುಗ್ಗದಂತೆ ಬೇಲಿ ನೋಡುವುದು, ಕಾಗದಪತ್ರ ಜೋಪಾನ ಮಾಡುವುದು ಈ ಹೊಣೆಯೊಳಗೆ ಬರುತ್ತವೆ. ಸೈಟು ಮಾರುವುದು, ಬ್ಯಾಂಕಿನಿಂದ ಹಣ ತೆಗೆಯುವುದು ಬರುವುದಿಲ್ಲ.

ಬ್ಯಾಂಕಿನ ವಿಷಯದಲ್ಲಿ ಒಳ್ಳೆಯ ಮನಸ್ಸಿನವರೂ ತಪ್ಪು ಮಾಡುತ್ತಾರೆ. ಕ್ರಿಯಾಕರ್ಮಕ್ಕೆ ದುಡ್ಡು ಬೇಕು ಎಂದು ಜಿಪಿಎ ಹಿಡಿದು ತೀರಿಕೊಂಡವರ ಖಾತೆಯಿಂದ ತೆಗೆಯುತ್ತಾರೆ. ಉದ್ದೇಶ ಏನೇ ಇರಲಿ, ಅಧಿಕಾರ ಅಷ್ಟರಲ್ಲಿ ಹೋಗಿರುತ್ತದೆ. ಸಾವಿನ ವಿಷಯ ಬ್ಯಾಂಕಿಗೆ ತಿಳಿಸಿ, ನಾಮಿನಿ ಅಥವಾ ವಾರಸುದಾರರ ಮೂಲಕ ಹಣ ಪಡೆಯುವುದೇ ದಾರಿ.

ತೋಟಕ್ಕೆ ಮೂವರು ಮಕ್ಕಳು ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಇಟ್ಟು, ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆ ಅರ್ಜಿ ಹಾಕಬೇಕು. ಆಮೇಲೂ ರಾಘುವೇ ನೋಡಿಕೊಳ್ಳಲಿ ಎನಿಸಿದರೆ ಮೂವರೂ ಸೇರಿ ಹೊಸ ಜಿಪಿಎ ಕೊಡಬಹುದು. ಹಳೆಯದನ್ನು ಮುಂದುವರಿಸುವುದು ಎಂಬುದೊಂದು ಇಲ್ಲ.

## ಸಾವಿನ ನಂತರವೂ ಉಳಿಯುವ ಜಿಪಿಎ ಇದೆಯೇ

ಇದೆ, ಆದರೆ ಜನ ಅಂದುಕೊಂಡಷ್ಟು ಅಗಲವಾಗಿಲ್ಲ. 202ನೇ ಕಲಮಿನ ಪ್ರಕಾರ, ಆಸ್ತಿಯಲ್ಲಿ ಏಜೆಂಟನಿಗೇ ಒಂದು ಹಿತ ಇದ್ದರೆ, ಆ ಹಿತಕ್ಕೆ ಧಕ್ಕೆಯಾಗುವಂತೆ ಅಧಿಕಾರವನ್ನು ಮುಗಿಸಲಾಗದು. ಕಾಯ್ದೆಯೇ ಕೊಡುವ ಉದಾಹರಣೆ ಇದು. ಒಬ್ಬ ಇನ್ನೊಬ್ಬನಿಗೆ ಸಾಲ ಹಿಂದಿರುಗಿಸಬೇಕಿದೆ. "ನನ್ನ ಜಮೀನು ಮಾರಿ, ಬಂದ ಹಣದಲ್ಲಿ ನಿನ್ನ ಸಾಲ ತೀರಿಸಿಕೋ" ಎಂದು ಅವನಿಗೇ ಅಧಿಕಾರ ಕೊಡುತ್ತಾನೆ. ಈ ಅಧಿಕಾರ ಕೊಟ್ಟವನ ಸಾವಿನಿಂದಲೂ ಹೋಗುವುದಿಲ್ಲ. ಏಕೆಂದರೆ ಇಲ್ಲಿ ಏಜೆಂಟ್ ಬರೀ ಯಜಮಾನನ ಕೆಲಸ ಮಾಡುತ್ತಿಲ್ಲ, ತನಗೆ ಬರಬೇಕಾದದ್ದನ್ನು ಕಾಪಾಡಿಕೊಳ್ಳುತ್ತಿದ್ದಾನೆ. ಮಾರಿಕೊಟ್ಟರೆ ಸಿಗುವ ಕಮಿಷನ್ ಈ ಹಿತದಲ್ಲಿ ಸೇರುವುದಿಲ್ಲ. ರಕ್ತಸಂಬಂಧವೂ ಸೇರುವುದಿಲ್ಲ.

ಹಾಗಾದರೆ ಪೂರ್ತಿ ದುಡ್ಡು ಕೊಟ್ಟು, ಕ್ರಯಪತ್ರದ ಬದಲು ಜಿಪಿಎ ಮತ್ತು ಕ್ರಯದ ಕರಾರು ಮಾಡಿಸಿಕೊಂಡವರ ಗತಿ? 2025ರ ಸುಪ್ರೀಂ ಕೋರ್ಟ್ ಪ್ರಕರಣ ಇಂಥದ್ದೇ. 1986ರಲ್ಲಿ ನಿವೇಶನದ ಮಾಲೀಕರು ಒಬ್ಬರಿಗೆ ಜಿಪಿಎ ಮತ್ತು ಕ್ರಯದ ಕರಾರನ್ನು ಬರೆದುಕೊಟ್ಟಿದ್ದರು. 1997ರ ಜನವರಿಯಲ್ಲಿ ಮಾಲೀಕರು ತೀರಿಕೊಂಡರು. 1998ರ ಏಪ್ರಿಲ್‌ನಲ್ಲಿ ಜಿಪಿಎ ಪಡೆದವರು ಅದನ್ನು ಬಳಸಿ ತಮ್ಮ ಮಗನಿಗೆ ಕ್ರಯಪತ್ರ ಮಾಡಿಕೊಟ್ಟರು. 2003ರಲ್ಲಿ ಮಾಲೀಕರ ವಾರಸುದಾರರು ಅದೇ ನಿವೇಶನವನ್ನು ಬೇರೆಯವರಿಗೆ ಮಾರಿದರು. ಜಗಳ ಕೋರ್ಟು ಹತ್ತಿತು. ಜಿಪಿಎಯ ಒಕ್ಕಣೆ ನೋಡಿದರೆ ಅದು ಮಾಲೀಕರ ಪರವಾಗಿ ಆಸ್ತಿ ನಿರ್ವಹಿಸಲು ಕೊಟ್ಟ ಸಾಮಾನ್ಯ ಅಧಿಕಾರ, ಪಡೆದವರ ಹಿತ ಅದರಲ್ಲಿ ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಬರೀ ಕ್ರಯದ ಕರಾರಿನಿಂದ ಸ್ಥಿರಾಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲ. ಪತ್ರದಲ್ಲಿ "ರದ್ದು ಮಾಡಲಾಗದ" ಎಂಬ ಪದ ಇದ್ದರೂ ಅಷ್ಟರಿಂದಲೇ ಅದು ಹಾಗಾಗುವುದಿಲ್ಲ. ಮಾಲೀಕರ ಸಾವಿನೊಂದಿಗೆ ಜಿಪಿಎ ಮುಗಿಯಿತು, 1998ರ ಕ್ರಯ ನಿಲ್ಲಲಿಲ್ಲ. ಕ್ರಯಪತ್ರದ ಬದಲು ಬರೀ ಜಿಪಿಎ ಬರೆದುಕೊಟ್ಟು ನಡೆಸುವ ಮಾರಾಟದಿಂದ ಮಾಲೀಕತ್ವ ಬರುವುದಿಲ್ಲ ಎಂದು ಅದೇ ನ್ಯಾಯಾಲಯ 2011ರಲ್ಲೇ ಹೇಳಿತ್ತು.

ಶಿವಮೊಗ್ಗದಲ್ಲಿ ಹೀಗೆ ಜಿಪಿಎ ಮತ್ತು ಕರಾರಿನ ಮೇಲೆ ಸೈಟು ಹಿಡಿದು ಕೂತವರು ಇದ್ದರೆ, ಮಾರಿದವರು ಬದುಕಿರುವಾಗಲೇ ನೋಂದಾಯಿತ ಕ್ರಯಪತ್ರ ಮಾಡಿಸಿಕೊಳ್ಳಬೇಕು. ಅವರು ಈಗಾಗಲೇ ತೀರಿಕೊಂಡಿದ್ದರೆ ಜಿಪಿಎ ಉಪಯೋಗಕ್ಕೆ ಬಾರದು, ಆದರೆ ಕರಾರು ಪೂರ್ತಿ ಸತ್ತಿರುವುದಿಲ್ಲ. ಅದು ವಾರಸುದಾರರನ್ನೂ ಕಟ್ಟುತ್ತದೆ. ಅವರೆಲ್ಲರನ್ನು ಒಪ್ಪಿಸಿ ಕ್ರಯಪತ್ರಕ್ಕೆ ಸಹಿ ಹಾಕಿಸಿಕೊಳ್ಳಬೇಕು. ಒಪ್ಪದಿದ್ದರೆ ಕರಾರಿನಂತೆ ನಡೆಸಿಕೊಡಿ ಎಂದು ದಾವೆ ಹೂಡಬೇಕು. ಅದಕ್ಕೂ 3 ವರ್ಷದ ಗಡುವು. ಕರಾರಿನಲ್ಲಿ ದಿನಾಂಕ ಗೊತ್ತುಮಾಡಿದ್ದರೆ ಆ ದಿನದಿಂದ, ಇಲ್ಲದಿದ್ದರೆ ಅವರು ಆಗುವುದಿಲ್ಲ ಎಂದದ್ದು ಗೊತ್ತಾದ ದಿನದಿಂದ ಎಣಿಕೆ.

## ಮರೆವಿನ ಕಾಯಿಲೆ ಬಂದರೆ

ಸಾವಿನ ಜೊತೆಗೆ ಅದೇ 201ನೇ ಕಲಮು ಬುದ್ಧಿ ಸ್ವಾಧೀನ ತಪ್ಪುವುದನ್ನೂ ಹೇಳುತ್ತದೆ. ಮರೆವು ಬಲಿತು, ತಾನು ಏನಕ್ಕೆ ಸಹಿ ಹಾಕುತ್ತಿದ್ದೇನೆ ಎಂದು ತಿಳಿಯದ ಸ್ಥಿತಿಗೆ ಹಿರಿಯರು ಹೋದರೆ, ಅವರು ಹಿಂದೆ ಕೊಟ್ಟ ಜಿಪಿಎ ಕೂಡ ಕಾನೂನಿನ ಲೆಕ್ಕದಲ್ಲಿ ಮುಗಿಯುತ್ತದೆ. ಯಾವ ದಿನ ಮುಗಿಯಿತು ಎಂದು ಹೇಳುವುದು ಸಾವಿನಷ್ಟು ಸುಲಭವಲ್ಲ, ವೈದ್ಯರ ದಾಖಲೆಗಳು ಬೇಕಾಗುತ್ತವೆ. ಮುಂದೆ ಹಾಗಾದಾಗಲೂ ನಡೆಯಲಿ ಎಂದು ಮೊದಲೇ ಬರೆದಿಡುವ ಪವರ್ ಆಫ್ ಅಟಾರ್ನಿ ಕೆಲವು ದೇಶಗಳಲ್ಲಿದೆ, ನಮ್ಮ ಕಾಯ್ದೆಗಳಲ್ಲಿ ಅಂಥ ಏರ್ಪಾಡು ಇಲ್ಲ. ಆ ಹಂತದಲ್ಲಿ ಅವರ ಆಸ್ತಿಯನ್ನು ಅವರ ಚಿಕಿತ್ಸೆಗಾಗಿಯೇ ಮಾರಬೇಕಾದರೂ ಮನೆಯವರು ಪೋಷಕರನ್ನು ನೇಮಿಸುವಂತೆ ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ.